ನಾಲ್ಕು ಲಕ್ಷದ ಷೇರು, ಒಂದು ಲಕ್ಷದ ಜೇಬು

ಬೋರ್ಡಿನ ಮೇಲೆ ಒಂದೇ ಒಂದು ಷೇರು ಬರೆದಿದ್ದೇನೆ. ಹೆಸರಿಲ್ಲ, ಬೆಲೆ 1,000 ರೂಪಾಯಿ. ಇವತ್ತು ಪೂರ್ತಿ ಇದೊಂದನ್ನೇ ಇಟ್ಟುಕೊಂಡು ಮಾತಾಡೋಣ. ಕಂಪನಿ ಒಳ್ಳೆಯದಾ ಕೆಟ್ಟದ್ದಾ ಅನ್ನುವ ಪ್ರಶ್ನೆ ಬೇಡ, ಒಳ್ಳೆಯದು ಅಂತಲೇ ಇಟ್ಟುಕೊಳ್ಳಿ. ಒಳ್ಳೆಯ ಷೇರು ತೆಗೆದುಕೊಂಡೂ ದುಡ್ಡು ಹೇಗೆ ಹೋಗುತ್ತದೆ ಅನ್ನುವುದೇ ನಾನು ಹೇಳಬೇಕಾಗಿರುವ ವಿಷಯ.

ನಿಮ್ಮ ಹತ್ತಿರ 1 ಲಕ್ಷ ರೂಪಾಯಿ ಇದೆ. ಸುಮ್ನೆ ತೆಗೆದುಕೊಂಡರೆ 100 ಷೇರು ಬರುತ್ತವೆ. ಆದರೆ ಆಪ್‌ನಲ್ಲಿ ಆರ್ಡರ್ ಹಾಕುವಾಗ ಡೆಲಿವರಿ ಅನ್ನುವುದರ ಪಕ್ಕದಲ್ಲೇ MTF ಅಂತ ಇನ್ನೊಂದು ಆಯ್ಕೆ ಇರುತ್ತದೆ. ಮಾರ್ಜಿನ್ ಟ್ರೇಡಿಂಗ್ ಫೆಸಿಲಿಟಿ ಅಂತ ಅದರ ಪೂರ್ತಿ ಹೆಸರು. ಅದನ್ನು ಒತ್ತಿದರೆ ಅದೇ 1 ಲಕ್ಷಕ್ಕೆ 400 ಷೇರು ಸಿಗುತ್ತವೆ. ನಾಲ್ಕು ಪಟ್ಟು. ಉಳಿದ 3 ಲಕ್ಷ ಎಲ್ಲಿಂದ ಬಂತು? ಬ್ರೋಕರ್ ಕೊಟ್ಟ. ಅದು ಸಾಲ. ಪರದೆಯ ಮೇಲೆ ಸಾಲ ಅನ್ನುವ ಮಾತು ಎದ್ದು ಕಾಣುವುದಿಲ್ಲ, ನೀವು ಕಟ್ಟಬೇಕಾದದ್ದು ಇಷ್ಟೇ ಅಂತ ಸಣ್ಣ ಮೊತ್ತ ಕಾಣುತ್ತದೆ. ಅದಕ್ಕೇ ಎಷ್ಟೋ ಜನರಿಗೆ ತಾವು ಸಾಲ ಮಾಡಿದ್ದೇವೆ ಅನ್ನುವುದೇ ಮನಸ್ಸಿಗೆ ಬಂದಿರುವುದಿಲ್ಲ. ನಾನು ದಾವಣಗೆರೆಯಲ್ಲಿ ಒಂದು ಸಣ್ಣ ಬ್ರೋಕಿಂಗ್ ಆಫೀಸಿನಲ್ಲಿ ಬಹಳ ವರ್ಷ ಕೂತವನು. "ಸರ್, ನಂದು ಸಾಲ ಏನೂ ಇಲ್ಲ, MTF ಅಷ್ಟೇ" ಅಂತ ಹೇಳಿದವರನ್ನು ಕಂಡಿದ್ದೇನೆ.

ಇದು ಕಾನೂನುಬಾಹಿರ ವ್ಯವಹಾರವೇನಲ್ಲ. ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮದ ಒಳಗೇ ನಡೆಯುತ್ತದೆ. ಯಾವ ಷೇರಿಗೆ ಸಾಲ ಕೊಡಬಹುದು, ನಿಮ್ಮ ಪಾಲು ಕನಿಷ್ಠ ಎಷ್ಟಿರಬೇಕು ಅನ್ನುವುದಕ್ಕೆಲ್ಲ ಲೆಕ್ಕ ಇದೆ. ಕೊಂಡ ಷೇರು ನಿಮ್ಮ ಡಿಮ್ಯಾಟ್ ಖಾತೆಯಲ್ಲೇ ಇರುತ್ತದೆ, ಆದರೆ ಬ್ರೋಕರಿಗೆ ಒತ್ತೆ ಬಿದ್ದಿರುತ್ತದೆ. ಮೊದಲೆಲ್ಲ ಒತ್ತೆಗೆ ಒಪ್ಪಿಗೆ ಕೊಡಿ ಅಂತ ಮೊಬೈಲಿಗೆ ಒಂದು ಓಟಿಪಿ ಬರುತ್ತಿತ್ತು. ಬಂಗಾರ ಇಟ್ಟು ಸಾಲ ತೆಗೆದ ಹಾಗೆಯೇ, ಆದರೆ ಇಲ್ಲಿ ಸಾಲದ ದುಡ್ಡಿನಲ್ಲಿ ಕೊಂಡ ವಸ್ತುವೇ ಒತ್ತೆ.

ಈಗ ಬಡ್ಡಿಗೆ ಬರೋಣ. ದಿನಕ್ಕೆ ಶೇ. 0.04 ಅಂತ ಇಟ್ಟುಕೊಳ್ಳಿ. ಬ್ರೋಕರಿಂದ ಬ್ರೋಕರಿಗೆ ಸ್ವಲ್ಪ ಹೆಚ್ಚು ಕಮ್ಮಿ ಇರುತ್ತದೆ, ಲೆಕ್ಕ ಸುಲಭವಾಗಲಿ ಅಂತ ಇದನ್ನು ತೆಗೆದುಕೊಂಡಿದ್ದೇನೆ. 0.04 ಅಂದರೆ ಕಿವಿಗೆ ಏನೂ ಅಲ್ಲ ಅನ್ನಿಸುತ್ತದೆ. ವರ್ಷಕ್ಕೆ ಗುಣಿಸಿ ನೋಡಿ, ಶೇ. 14.6. ನಮ್ಮ ಊರಿನ ಲೆಕ್ಕದಲ್ಲಿ ಹೇಳಿದರೆ ತಿಂಗಳಿಗೆ ನೂರಕ್ಕೆ ಒಂದೂಕಾಲು ರೂಪಾಯಿಗಿಂತ ಕೂದಲೆಳೆ ಕಮ್ಮಿ. 3 ಲಕ್ಷಕ್ಕೆ ದಿನಕ್ಕೆ 120 ರೂಪಾಯಿ. ಶನಿವಾರ, ಭಾನುವಾರ, ದೀಪಾವಳಿ, ಮಾರುಕಟ್ಟೆಗೆ ರಜೆ ಇದ್ದರೂ ಬಡ್ಡಿಗೆ ರಜೆ ಇಲ್ಲ. ಮೂರು ತಿಂಗಳು, ಅಂದರೆ 90 ದಿನ ಇಟ್ಟುಕೊಂಡರೆ 10,800 ರೂಪಾಯಿ.

ಸರಿ, 90 ದಿನ ಆಯಿತು, ಷೇರು ಶೇ. 10 ಏರಿ 1,100 ಆಯಿತು. ನಿಮ್ಮ 400 ಷೇರಿಗೆ 40,000 ಲಾಭ. ಬಡ್ಡಿ 10,800 ಕಳೆಯಿರಿ, 29,200 ಉಳಿಯಿತು. ನಿಮ್ಮ ಕೈಯಿಂದ ಹಾಕಿದ್ದು 1 ಲಕ್ಷ, ಅದರ ಮೇಲೆ ಶೇ. 29.2. ಸಾಲ ಮಾಡದೆ 100 ಷೇರು ಇಟ್ಟುಕೊಂಡ ಪಕ್ಕದ ಮನೆಯವರಿಗೆ ಶೇ. 10 ಅಷ್ಟೇ. ಇಲ್ಲಿಯವರೆಗೆ ಎಲ್ಲರಿಗೂ ಇಷ್ಟವಾಗುವ ಲೆಕ್ಕ. ದಲ್ಲಾಳಿ ಖರ್ಚು, ತೆರಿಗೆ ಎಲ್ಲ ಇನ್ನೂ ಬೇರೆ, ಅದನ್ನು ಇವತ್ತು ಬದಿಗಿಡುತ್ತೇನೆ.

ಈಗ ಅದೇ ಷೇರು ಶೇ. 10 ಇಳಿದು 900 ಆಯಿತು ಅನ್ನಿ. 40,000 ನಷ್ಟ, ಅದರ ಮೇಲೆ ಬಡ್ಡಿ 10,800. ಒಟ್ಟು 50,800. ನಿಮ್ಮ 1 ಲಕ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಪಕ್ಕದ ಮನೆಯವರದ್ದು ಹೋಗಿದ್ದು 10,000. ನಾಲ್ಕು ಪಟ್ಟು ಸಾಲ ಅಂದಾಗ ಲಾಭವೂ ನಾಲ್ಕು ಪಟ್ಟು, ನಷ್ಟವೂ ನಾಲ್ಕು ಪಟ್ಟು ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಏರಿದಾಗ ಮೂರು ಪಟ್ಟಿಗಿಂತ ಕಮ್ಮಿ ಸಿಕ್ಕಿತು, ಇಳಿದಾಗ ಐದು ಪಟ್ಟಿಗಿಂತ ಜಾಸ್ತಿ ಹೋಯಿತು. ಬಡ್ಡಿ ಎರಡೂ ಕಡೆ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಷೇರು ಅಲ್ಲಾಡದೆ 1,000ಕ್ಕೇ ಕೂತಿದ್ದರೂ ನಿಮ್ಮ ದುಡ್ಡಿನಲ್ಲಿ ಶೇ. 10.8 ಹೋಗಿರುತ್ತದೆ.

ಇದನ್ನು ಒಂದು ಸಾಲಿನಲ್ಲಿ ಬರೆಯಬಹುದು. ಬರೆದುಕೊಳ್ಳುವವರು ಬರೆದುಕೊಳ್ಳಿ, ಮನೆಗೆ ಹೋಗಿ ನಿಮ್ಮ ಅಂಕಿ ಹಾಕಿ ನೋಡಿ.

ಸ್ವಂತ ದುಡ್ಡಿನ ಲಾಭ = ಷೇರಿನ ಲಾಭ + (ಸಾಲ ÷ ಸ್ವಂತ ದುಡ್ಡು) × (ಷೇರಿನ ಲಾಭ − ಬಡ್ಡಿ)

ಲಾಭ, ಬಡ್ಡಿ ಎರಡೂ ಒಂದೇ ಅವಧಿಯ ಶೇಕಡಾದಲ್ಲಿ. ಕೊನೆಯ ಆವರಣ ನೋಡಿ, ಜೀವ ಇರುವುದು ಅಲ್ಲಿ. ಷೇರಿನ ಲಾಭದಿಂದ ಬಡ್ಡಿ ಕಳೆದರೆ ಉಳಿಯುವುದು ಧನವಾದರೆ ಸಾಲ ನಿಮಗೆ ದುಡಿಯುತ್ತದೆ, ಋಣವಾದರೆ ಸಾಲಕ್ಕೆ ನೀವು ದುಡಿಯುತ್ತೀರಿ. ಹಾಗಾಗಿ ಷೇರು ಏರಿತಾ ಇಲ್ಲವಾ ಅಂತ ಕೇಳಿದರೆ ಸಾಲದು, ಬಡ್ಡಿಗಿಂತ ಜಾಸ್ತಿ ಏರಿತಾ ಅಂತ ಕೇಳಬೇಕು.

ಒಂದು ವರ್ಷ ಇಟ್ಟುಕೊಂಡಿರಿ, ಷೇರು ಶೇ. 12 ಕೊಟ್ಟಿತು ಅನ್ನಿ. ಯಾರಾದರೂ ಬೇಡ ಅನ್ನುತ್ತೀರಾ? ಒಳ್ಳೆಯ ವರ್ಷವೇ. 4 ಲಕ್ಷಕ್ಕೆ 48,000 ಬಂತು. ವರ್ಷದ ಬಡ್ಡಿ 43,800. ನಿಮಗೆ ಉಳಿದದ್ದು 4,200 ರೂಪಾಯಿ. ಪಕ್ಕದ ಮನೆಯವರು ಸಾಲ ಮಾಡದೆ, ಫೋನ್ ನೋಡದೆ, 12,000 ಮಾಡಿಕೊಂಡರು. ನೀವು ಅವರ ನಾಲ್ಕು ಪಟ್ಟು ಅಪಾಯ ಹೊತ್ತುಕೊಂಡು ಅವರ ಮೂರನೇ ಒಂದು ಭಾಗ ಗಳಿಸಿದಿರಿ. ಅವರ ಸಮಕ್ಕೆ ಬರಬೇಕಾದರೆ ಷೇರು ವರ್ಷಕ್ಕೆ 14.6 ಕೊಡಬೇಕು, ಅಂದರೆ ಬಡ್ಡಿಯಷ್ಟೇ. ಅದಕ್ಕಿಂತ ಮೇಲೆ ಬಂದದ್ದು ಮಾತ್ರ ಸಾಲದಿಂದ ನಿಮಗಾದ ಲಾಭ. ಇದು ನನಗೆ ಅರ್ಥವಾದದ್ದು ಈ ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದ ಮೇಲೆ. ಶೇ. 12 ಬಂತು ಅಂತ ಖುಷಿಯಾಗಿ ಬಂದವರಿಗೆ ಕುಳ್ಳಿರಿಸಿ ಈ ಲೆಕ್ಕ ತೋರಿಸಿದಾಗ ಅವರ ಮುಖ ಬಾಡುವುದನ್ನು ನೋಡಿದ್ದೇನೆ.

ಇಲ್ಲಿಯವರೆಗೆ ಹೇಳಿದ್ದು ಬರೀ ಗುಣಾಕಾರ. ಇನ್ನು ಮುಂದಿನದು ಗಮನ ಕೊಟ್ಟು ಕೇಳಿ, ಯಾಕೆಂದರೆ ದುಡ್ಡು ನಿಜವಾಗಿ ಹೋಗುವುದು ಇಲ್ಲಿ.

ನಾಲ್ಕು ಪಟ್ಟು ಅಂತ ನಾವು ಹೇಳಿದ್ದು ಕೊಂಡ ದಿನದ ಮಾತು. ಆ ಪಟ್ಟು ಹಾಗೇ ನಿಲ್ಲುವುದಿಲ್ಲ. ಷೇರು 900ಕ್ಕೆ ಬಂದಾಗ ನಿಮ್ಮ 400 ಷೇರಿನ ಬೆಲೆ 3,60,000. ಸಾಲ ಅದೇ 3 ಲಕ್ಷ, ಬಡ್ಡಿಯನ್ನು ಸದ್ಯಕ್ಕೆ ಮರೆಯಿರಿ. ನಿಮ್ಮದು ಅಂತ ಉಳಿದದ್ದು 60,000. ಅರವತ್ತು ಸಾವಿರದ ಮೇಲೆ ಮೂರು ಲಕ್ಷ ಅರವತ್ತು ಸಾವಿರದ ಷೇರು ನಿಂತಿದೆ. ಎಷ್ಟು ಪಟ್ಟು? ಆರು. ನೀವು ಒಂದು ರೂಪಾಯಿ ಹೊಸ ಸಾಲ ಮಾಡಿಲ್ಲ, ಆದರೂ ನಾಲ್ಕು ಹೋಗಿ ಆರಾಯಿತು. 850ಕ್ಕೆ ಬಂದರೆ ಎಂಟೂವರೆ. 800ಕ್ಕೆ ಬಂದರೆ ನಿಮ್ಮದು 20,000, ಷೇರು 3,20,000, ಹದಿನಾರು ಪಟ್ಟು. 750ಕ್ಕೆ ನಿಮ್ಮದು ಸೊನ್ನೆ. ಏರಿದಾಗ ಏನಾಗುತ್ತದೆ ಗೊತ್ತಾ, 1,100ಕ್ಕೆ ನಿಮ್ಮದು 1,40,000, ಪಟ್ಟು ಸುಮಾರು ಮೂರಕ್ಕೆ ಇಳಿಯುತ್ತದೆ. ಗೆಲ್ಲುತ್ತಿರುವಾಗ ಹೊರೆ ಹಗುರ, ಸೋಲುತ್ತಿರುವಾಗ ಹೊರೆ ಭಾರ. ಗುಡ್ಡ ಹತ್ತುವಾಗ ತಲೆ ಮೇಲಿನ ಮೂಟೆ ತಾನಾಗಿಯೇ ದೊಡ್ಡದಾಗುತ್ತಾ ಹೋದ ಹಾಗೆ.

ಇದು ಬ್ರೋಕರಿಗೂ ಗೊತ್ತು. ಅವನ 3 ಲಕ್ಷ ಅಲ್ಲಿದೆ. 750 ತಲುಪುವವರೆಗೆ ಅವನು ಕೈ ಕಟ್ಟಿ ಕೂರುವುದಿಲ್ಲ, ಕೂರಲೂ ಆಗುವುದಿಲ್ಲ. ಷೇರಿನ ಬೆಲೆಯಲ್ಲಿ ನಿಮ್ಮ ಪಾಲು ಇಷ್ಟಕ್ಕಿಂತ ಕೆಳಗೆ ಹೋಗಬಾರದು ಅಂತ ಒಂದು ಗೆರೆ ಇರುತ್ತದೆ. ನಮ್ಮ ಉದಾಹರಣೆಗೆ ಅದು ಶೇ. 20 ಅಂತ ಇಟ್ಟುಕೊಳ್ಳೋಣ. ಆ ಗೆರೆ ಯಾವ ಬೆಲೆಗೆ ಬರುತ್ತದೆ? ನಿಮ್ಮ ಪಾಲು ಶೇ. 20 ಅಂದರೆ ಸಾಲದ ಪಾಲು ಶೇ. 80, ಅದೇ 0.8. ಸಾಲವನ್ನು, ಷೇರಿನ ಸಂಖ್ಯೆ ಗುಣಿಸು 0.8 ಬಂದದ್ದರಿಂದ ಭಾಗಿಸಿ. 3,00,000 ಭಾಗಿಸು 320. ಉತ್ತರ 937 ರೂಪಾಯಿ 50 ಪೈಸೆ.

ಗಮನಿಸಿ, ಸಾವಿರದಿಂದ ಶೇ. 6.25 ಇಳಿದರೆ ಸಾಕು. ಎಂಥ ಒಳ್ಳೆಯ ಕಂಪನಿಯ ಷೇರಾದರೂ ವರ್ಷದಲ್ಲಿ ಹಲವು ಸಲ ಅಷ್ಟು ಅಲ್ಲಾಡುತ್ತದೆ. ಅದು ಕೆಟ್ಟ ಸುದ್ದಿಯೂ ಅಲ್ಲ, ದಿನನಿತ್ಯದ ಏರಿಳಿತ. ಆದರೆ ನಿಮಗೆ ಮೆಸೇಜ್ ಬರುತ್ತದೆ, ದುಡ್ಡು ಹಾಕಿ ಇಲ್ಲದಿದ್ದರೆ ಷೇರು ಮಾರುತ್ತೇವೆ. ಇದೇ ಮಾರ್ಜಿನ್ ಕಾಲ್.

ಆ ಹೊತ್ತಿಗೆ ಷೇರು 900ಕ್ಕೆ ಬಂದುಬಿಟ್ಟಿದೆ ಅನ್ನಿ, ಮೊದಲಿನ ಶೇ. 25ಕ್ಕೆ ತಂದು ನಿಲ್ಲಿಸಿ ಅಂದರು. 3,60,000ಕ್ಕೆ ಶೇ. 25 ಅಂದರೆ 90,000. ನಿಮ್ಮದು 60,000 ಇದೆ. 30,000 ನಗದು ತಂದರೆ ಆಯಿತು. ತರಲು ಆಗಲಿಲ್ಲ. ಆಗ ಷೇರು ಮಾರಬೇಕು. 30,000ದ ಷೇರು ಮಾರಿದರೆ ಸಾಕು ಅಂತ ನಿಮಗೆ ಅನ್ನಿಸಬಹುದು, ಸಾಲದು. ನಿಮ್ಮ 60,000 ನಾಲ್ಕು ಪಟ್ಟಿನಲ್ಲಿ ಹೊರಬಲ್ಲದ್ದು 2,40,000 ಮಾತ್ರ. ಹಾಗಾಗಿ 1,20,000ದ ಷೇರು ಹೋಗಬೇಕು. 900ರ ಬೆಲೆಗೆ 134 ಷೇರು. ಮೂರನೇ ಒಂದು ಭಾಗ.

ಇನ್ನು ಮುಂದೆ ನಡೆಯುವುದು ನೋಡಿ. ಒಂದು ವಾರದಲ್ಲಿ ಷೇರು ಮತ್ತೆ 1,000ಕ್ಕೆ ಬಂತು. ಕಂಪನಿ ಒಳ್ಳೆಯದೇ ಅಂದೆನಲ್ಲ, ಬಂತು. ನಿಮ್ಮ ಹತ್ತಿರ ಈಗ 266 ಷೇರು, ಬೆಲೆ 2,66,000. ಸಾಲ ತೀರಿಸಿದ್ದು ಹೋಗಿ 1,79,400 ಉಳಿದಿದೆ. ನಿಮ್ಮ ದುಡ್ಡು 86,600. ಷೇರು ಹೊರಟ ಜಾಗಕ್ಕೇ ವಾಪಸ್ ಬಂದು ನಿಂತಿದೆ, ಒಂದು ಪೈಸೆ ಕೂಡ ಇಳಿದಿಲ್ಲ, ನಿಮ್ಮ 13,400 ಮಾತ್ರ ವಾಪಸ್ ಬರಲಿಲ್ಲ. ಬಡ್ಡಿ ಬೇರೆ. ಪಕ್ಕದ ಮನೆಯವರು ಆ ವಾರ ಊರಿಗೆ ಹೋಗಿದ್ದರು, ಇಳಿದದ್ದೂ ಅವರಿಗೆ ಗೊತ್ತಿಲ್ಲ, ಏರಿದ್ದೂ ಗೊತ್ತಿಲ್ಲ. ಅವರ 1 ಲಕ್ಷ 1 ಲಕ್ಷವೇ.

ಸಾಲ ಇಲ್ಲದವರಿಗೆ ಷೇರು ಕೊನೆಗೆ ಎಲ್ಲಿ ಹೋಗಿ ನಿಂತಿತು ಅನ್ನುವುದಷ್ಟೇ ಮುಖ್ಯ. ಸಾಲ ಇರುವವರಿಗೆ ಯಾವ ದಾರಿಯಲ್ಲಿ ಹೋಯಿತು ಅನ್ನುವುದೂ ಮುಖ್ಯ. ದಾರಿಯಲ್ಲಿ ಒಂದು ಹಳ್ಳ ಇದ್ದರೂ ಅವರನ್ನು ಅಲ್ಲೇ ಇಳಿಸಿಬಿಡುತ್ತಾರೆ.

2024ರ ಜೂನ್ ಮೊದಲ ವಾರ ನಿಮಗೆಲ್ಲ ನೆನಪಿರಬೇಕು. ಲೋಕಸಭೆ ಚುನಾವಣೆ ಮುಗಿದು ಶನಿವಾರ ಎಕ್ಸಿಟ್ ಪೋಲ್ ಬಂತು. ಸೋಮವಾರ, ಜೂನ್ 3, ಸೆನ್ಸೆಕ್ಸ್ ಎರಡೂವರೆ ಸಾವಿರ ಅಂಶ ಜಿಗಿದು 76,468ಕ್ಕೆ ಮುಗಿಯಿತು. ಅವತ್ತು ನಮ್ಮ ಆಫೀಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಿವೃತ್ತರಾದ ಒಬ್ಬರು ಮೇಷ್ಟ್ರು, ಬಹಳ ಎಚ್ಚರಿಕೆಯ ಮನುಷ್ಯರು, ಹತ್ತು ವರ್ಷದಿಂದ ಬರುತ್ತಿದ್ದವರು, ಯಾವತ್ತೂ ಸಾಲ ಮಾಡಿದವರಲ್ಲ. ಅವತ್ತು ಅವರ ಹುಡುಗ ಫೋನಿನಲ್ಲಿ ಹೇಳಿಕೊಟ್ಟಿದ್ದ. ಒಂದು ಸರ್ಕಾರಿ ಕಂಪನಿಯ ಷೇರು, 1 ಲಕ್ಷ ಸ್ವಂತದ್ದು, 3 ಲಕ್ಷ MTF. ನಾನು "ಮೇಷ್ಟ್ರೇ, ನಾಳೆ ಫಲಿತಾಂಶ ಇದೆ, ಒಂದು ದಿನ ತಡೀರಿ" ಅಂದೆ. ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು.

ಮಂಗಳವಾರ ಜೂನ್ 4, ಎಣಿಕೆ ನಡೆಯುತ್ತಿದ್ದ ಹಾಗೆ ಮಾರುಕಟ್ಟೆ ಕುಸಿಯಿತು. ದಿನದ ಮಧ್ಯದಲ್ಲಿ ಸೆನ್ಸೆಕ್ಸ್ ಆರು ಸಾವಿರ ಅಂಶಕ್ಕಿಂತ ಹೆಚ್ಚು ಕೆಳಗೆ ಹೋಗಿ, ಕೊನೆಗೆ 4,389 ಅಂಶ ಇಳಿದು 72,079ಕ್ಕೆ ನಿಂತಿತು. ಸರ್ಕಾರಿ ಕಂಪನಿಗಳ ಷೇರುಗಳಿಗೆ ಪೆಟ್ಟು ಇನ್ನೂ ಜೋರು. ಮೇಷ್ಟ್ರು ನನ್ನ ಎದುರಿನ ಕುರ್ಚಿಯಲ್ಲಿ ಕೂತಿದ್ದರು, ಕೈಯಲ್ಲಿ ಫೋನ್, ಕನ್ನಡಕ ಹಣೆಗೆ ಏರಿಸಿಕೊಂಡಿದ್ದರು. ಮೊದಲ ಮೆಸೇಜ್ ಬಂದಾಗ ಎದ್ದು ಬ್ಯಾಂಕಿಗೆ ಹೋಗುತ್ತೇನೆ ಅಂದರು. ಅವರು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಎರಡನೇ ಮೆಸೇಜ್ ಬಂತು, ಮಾರಿ ಆಗಿತ್ತು. ಸುಮಾರು ಶೇ. 18 ಕೆಳಗಿನ ಬೆಲೆಗೆ. 4 ಲಕ್ಷದ ಷೇರಿಗೆ 3,28,000 ಬಂತು, 3 ಲಕ್ಷ ಸಾಲಕ್ಕೆ ಹೋಯಿತು. ನಿನ್ನೆಯ 1 ಲಕ್ಷ ಇವತ್ತು 28,000.

ಶುಕ್ರವಾರ ಜೂನ್ 7ಕ್ಕೆ ಸೆನ್ಸೆಕ್ಸ್ 76,693. ಸೋಮವಾರದ ಮಟ್ಟಕ್ಕಿಂತಲೂ ಮೇಲೆ. ಮೂರೇ ದಿನ. ಮೇಷ್ಟ್ರ ಹಳೆಯ ಷೇರುಗಳು, ಸಾಲ ಇಲ್ಲದೆ ಹತ್ತು ವರ್ಷದಿಂದ ಇದ್ದವು, ಹೆಚ್ಚು ಕಮ್ಮಿ ಮೊದಲಿನ ಬೆಲೆಗೇ ಬಂದಿದ್ದವು. ಒಂದೇ ಮನುಷ್ಯ, ಒಂದೇ ವಾರ, ಎರಡು ಬೇರೆ ಬೇರೆ ಫಲ.

ಯಾರೋ ಹಿಂದಿನಿಂದ ಕೇಳುತ್ತಿದ್ದೀರಿ, ಮೆಸೇಜ್ ಬಂದ ಮೇಲೆ ಟೈಮ್ ಕೊಡಬೇಕಲ್ವಾ ಅಂತ. ಸಾಮಾನ್ಯ ದಿನಗಳಲ್ಲಿ ಸ್ವಲ್ಪ ಸಮಯ ಸಿಗುತ್ತದೆ. ಆದರೆ ನೀವು ಒಪ್ಪಿಗೆ ಒತ್ತಿದ ಕರಾರಿನಲ್ಲಿ, ಬೆಲೆ ಜೋರಾಗಿ ಬೀಳುತ್ತಿದ್ದರೆ ಕಾಯದೆ ಮಾರುವ ಹಕ್ಕನ್ನು ಬ್ರೋಕರ್ ಸಾಮಾನ್ಯವಾಗಿ ಇಟ್ಟುಕೊಂಡಿರುತ್ತಾನೆ. ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ನಾನು ಶೇ. 20 ಅಂತ ಹಾಕಿದ ಗೆರೆ ಇದೆಯಲ್ಲ, ಅದು ಕಲ್ಲಿನಲ್ಲಿ ಕೊರೆದದ್ದಲ್ಲ. ಮಾರ್ಜಿನ್ ಲೆಕ್ಕ ಷೇರು ಎಷ್ಟು ಅಲ್ಲಾಡುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಮಾರುಕಟ್ಟೆ ಗಲಿಬಿಲಿಯಾದಾಗ ಗೆರೆಯೇ ಮೇಲೇಳುತ್ತದೆ. 20 ಇದ್ದದ್ದು 30 ಆಯಿತು ಅನ್ನಿ. ನೀವು ಹಾಕಿದ್ದೇ ಶೇ. 25. ಷೇರು 1,000ದಲ್ಲೇ ಇದ್ದರೂ, ಒಂದು ರೂಪಾಯಿ ಇಳಿಯದಿದ್ದರೂ ನಿಮಗೆ ಕಾಲ್ ಬರುತ್ತದೆ. ಆ ಷೇರನ್ನು ಸಾಲದ ಪಟ್ಟಿಯಿಂದಲೇ ತೆಗೆದುಬಿಟ್ಟರೆ ಪೂರ್ತಿ ದುಡ್ಡು ಕಟ್ಟಬೇಕು, ಇಲ್ಲ ಮಾರಬೇಕು. ಬೆಲೆ ಬೀಳುವುದು, ಗೆರೆ ಏರುವುದು, ಇವೆರಡೂ ಒಂದೇ ದಿನ ಆಗುವುದೇ ಜಾಸ್ತಿ.

ಇನ್ನೂ ಒಂದು. ಮಾರಿದ ಮೇಲೂ ಸಾಲ ತೀರದೆ ಇರಬಹುದು. ಕೆಲವು ಷೇರಿಗೆ ದಿನಕ್ಕೆ ಇಷ್ಟೇ ಇಳಿಯಬಹುದು ಅಂತ ಸರ್ಕ್ಯೂಟ್ ಇರುತ್ತದೆ. ಕೆಳಗಿನ ಸರ್ಕ್ಯೂಟಿಗೆ ಬಂದು ನಿಂತರೆ ಕೊಳ್ಳುವವರೇ ಇರುವುದಿಲ್ಲ. ಬ್ರೋಕರ್ ಮಾರಬೇಕು ಅಂದರೂ ಆಗುವುದಿಲ್ಲ, ನಾಳೆ ಇನ್ನೂ ಕೆಳಗೆ ತೆರೆಯುತ್ತದೆ. 700ಕ್ಕೆ ಮಾರಾಟವಾದರೆ 2,80,000 ಬಂತು, ಉಳಿದ 20,000 ನೀವು ಮನೆಯಿಂದ ತಂದು ಕಟ್ಟಬೇಕು. ಸ್ವಂತ ದುಡ್ಡು ಪೂರ್ತಿ ಹೋದ ಮೇಲೂ ಬಾಕಿ ಇರುವುದು ಸಾಲದಲ್ಲಿ ಮಾತ್ರ ಆಗುವಂಥದ್ದು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಈ ಊರಿನಲ್ಲಿ ಪ್ರತಿ ಸಲ ಕೇಳುವ ಪ್ರಶ್ನೆ ಇದು, "ಸರ್, ಮನೆ ಕೊಳ್ಳುವಾಗಲೂ ಸಾಲ ಮಾಡ್ತೀವಲ್ಲ, ಅದೂ ಇದೇ ತಾನೇ?" ಹೌದು, ಲೆಕ್ಕ ಇದೇ. 50 ಲಕ್ಷದ ಮನೆಗೆ ಬ್ಯಾಂಕ್ 40 ಲಕ್ಷ ಕೊಟ್ಟು ನೀವು 10 ಲಕ್ಷ ಹಾಕಿದರೆ ಐದು ಪಟ್ಟು. ಮನೆ ಬೆಲೆ ಶೇ. 20 ಇಳಿದರೆ ನಿಮ್ಮ 10 ಲಕ್ಷ ಕಾಗದದ ಮೇಲೆ ಸೊನ್ನೆ. ಆದರೆ ಬ್ಯಾಂಕಿನವರು ಪ್ರತಿದಿನ ಸಾಯಂಕಾಲ ಮೂರೂವರೆಗೆ ನಿಮ್ಮ ಮನೆ ಬೆಲೆ ನೋಡಿ, ಇವತ್ತು ಶೇ. 6 ಇಳಿದಿದೆ, ನಾಳೆ ಬೆಳಿಗ್ಗೆ ಮೂರು ಲಕ್ಷ ತನ್ನಿ, ಇಲ್ಲದಿದ್ದರೆ ಅಡುಗೆಮನೆ ಮಾರುತ್ತೇವೆ ಅಂತ ಹೇಳುವುದಿಲ್ಲ. ಕಂತು ಕಟ್ಟುತ್ತಿದ್ದರೆ ಸುಮ್ಮನಿರುತ್ತಾರೆ. ಆ ಸಾಲ ತೀರುವುದು ನಿಮ್ಮ ಸಂಬಳದಿಂದ, ಮನೆಯ ಬೆಲೆಯಿಂದ ಅಲ್ಲ. ಹಳ್ಳ ಬಂದಾಗ ದಾಟುವ ತನಕ ಕಾಯಲು ಬಿಡುತ್ತಾರೆ, ಬಡ್ಡಿಯೂ ಕಮ್ಮಿ. ಸಾಲ ಎಷ್ಟು ಪಟ್ಟು ಅಂತ ಕೇಳುವ ಹಾಗೆಯೇ, ನನ್ನನ್ನು ಬಲವಂತವಾಗಿ ಮಾರಿಸುವ ಅಧಿಕಾರ ಯಾರಿಗಿದೆ, ಯಾವಾಗ ಇದೆ ಅಂತಲೂ ಕೇಳಿ. ಆದರೆ ಇದನ್ನು ಕೇಳಿಸಿಕೊಂಡು ಪರ್ಸನಲ್ ಲೋನ್ ತೆಗೆದು ಷೇರಿಗೆ ಹಾಕಬೇಡಿ. ಅಲ್ಲಿ ಮಾರ್ಜಿನ್ ಕಾಲ್ ಇಲ್ಲ, ನಿಜ. ಆದರೆ ಷೇರು ಬಿದ್ದ ತಿಂಗಳೂ ಕಂತು ಬರುತ್ತದೆ, ಸಂಬಳ ನಿಂತ ತಿಂಗಳೂ ಬರುತ್ತದೆ, ಆಗ ಬಿದ್ದ ಬೆಲೆಗೆ ನೀವೇ ಮಾರುತ್ತೀರಿ.

ಹಾಗಾದರೆ ಎಷ್ಟು ಸಾಲ ತಡೆಯುತ್ತದೆ? ಇದನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಎಷ್ಟು ಸಿಗುತ್ತದೆ ಅಂತ ಶುರು ಮಾಡಬಾರದು, ಎಷ್ಟು ಬೀಳಬಹುದು ಅಂತ ಶುರು ಮಾಡಬೇಕು. 2020ರ ಜನವರಿಯಲ್ಲಿ ನಿಫ್ಟಿ 12,430ರ ಹತ್ತಿರ ಇತ್ತು. ಕೋವಿಡ್ ಬಂದು ಮಾರ್ಚ್ 24ಕ್ಕೆ 7,511ಕ್ಕೆ ಇಳಿಯಿತು. ಶೇ. 40. ಅದರ ಹಿಂದಿನ ದಿನ, ಮಾರ್ಚ್ 23ರಂದು, ಸೆನ್ಸೆಕ್ಸ್ ಒಂದೇ ದಿನ ಶೇ. 13 ಬಿದ್ದು ವ್ಯಾಪಾರವನ್ನೇ ಸ್ವಲ್ಪ ಹೊತ್ತು ನಿಲ್ಲಿಸಿದ್ದರು. ನವೆಂಬರ್ ಹೊತ್ತಿಗೆ ನಿಫ್ಟಿ ಜನವರಿಯ ಮಟ್ಟ ದಾಟಿತು. ಕಾಯಲು ಆದವರಿಗೆ ಅದು ಹತ್ತು ತಿಂಗಳ ಕಥೆ. ನಾಲ್ಕು ಪಟ್ಟು ಸಾಲದವರು ಮೊದಲ ಶೇ. 6ರಲ್ಲೇ ಕಾಲ್ ತಿಂದು, ದುಡ್ಡು ತರಲಾಗದೆ, ನವೆಂಬರ್ ನೋಡಲೇ ಇಲ್ಲ.

ಈಗ ನಿಮ್ಮ 1 ಲಕ್ಷದ ಷೇರಿನಲ್ಲಿ ಸ್ವಂತದ್ದು 70,000, ಸಾಲ 30,000 ಇದ್ದಿದ್ದರೆ? ಶೇ. 40 ಬಿದ್ದು ಷೇರು 60,000 ಆಯಿತು, ಸಾಲ 30,000, ನಿಮ್ಮದು 30,000. ಪಾಲು ಅರ್ಧ. ಶೇ. 20ರ ಗೆರೆಗೆ ಇನ್ನೂ ಬಹಳ ದೂರ, ಗೆರೆ 30ಕ್ಕೆ ಎದ್ದರೂ ತೊಂದರೆ ಇಲ್ಲ. ಹೊಟ್ಟೆ ಉರಿಯುತ್ತದೆ, 70 ಸಾವಿರ 30 ಆಗಿದೆ, ಆದರೆ ನಿಮ್ಮನ್ನು ಯಾರೂ ಇಳಿಸುವುದಿಲ್ಲ. ಸರಿ, ಇಷ್ಟು ಸಾಲದಿಂದ ಲಾಭ ಎಷ್ಟು ಬರುತ್ತದೆ ಅಂತ ಅದೇ ಸೂತ್ರದಲ್ಲಿ ಹಾಕಿ ನೋಡಿ. ಷೇರು ವರ್ಷಕ್ಕೆ ಶೇ. 20 ಕೊಟ್ಟರೆ ನಿಮಗೆ 22.3. ಶೇ. 12 ಕೊಟ್ಟರೆ ನಿಮಗೆ 10.9, ಸಾಲ ಮಾಡದವರಿಗಿಂತ ಕಮ್ಮಿ. ಅಪಾಯ ತಡೆದುಕೊಳ್ಳುವಷ್ಟು ಕಮ್ಮಿ ಸಾಲ ಮಾಡಿದರೆ ಲಾಭ ಬೆರಳು ತುದಿಯಷ್ಟು. ಲಾಭ ಕಣ್ಣಿಗೆ ಕಾಣುವಷ್ಟು ಸಾಲ ಮಾಡಿದರೆ ಮುಂದಿನ ಹಳ್ಳದಲ್ಲಿ ಇಳಿಯುತ್ತೀರಿ. ಈ ಬಡ್ಡಿ ದರಕ್ಕೆ ನಡುವೆ ಒಳ್ಳೆಯ ಜಾಗ ಅಂತ ನನಗೆ ಒಂದೂ ಸಿಕ್ಕಿಲ್ಲ. ನಾನೇ ಈಗ ಸಾಲದಲ್ಲಿ ಷೇರು ಕೊಳ್ಳುವುದಿಲ್ಲ, ಕಾರಣ ಇಷ್ಟೇ.

ಕೊನೆಯ ಸಾಲಿನಲ್ಲಿ ಕೂತಿರುವ ಅಮ್ಮ ಒಂದು ಚೀಟಿ ಕಳಿಸಿದ್ದಾರೆ. ಮನೆಯವರು ಆಗಲೇ MTFನಲ್ಲಿ ತೆಗೆದುಕೊಂಡಿದ್ದಾರೆ, ಈಗ ಏನು ನೋಡಬೇಕು ಅಂತ. ಅಂಕಿಗಳನ್ನೂ ಬರೆದಿದ್ದಾರೆ, ಒಳ್ಳೆಯದಾಯಿತು. 150 ಷೇರು, ಸಾಲ 84,000, ಇವತ್ತಿನ ಬೆಲೆ 742.

ಅಮ್ಮ, ಮೊದಲು ಗೆರೆ ಎಲ್ಲಿದೆ ನೋಡೋಣ. 84,000 ಭಾಗಿಸು, 150 ಗುಣಿಸು 0.8, ಅಂದರೆ 120. 700 ರೂಪಾಯಿ. ನಿಮ್ಮ ಬ್ರೋಕರಿನ ಗೆರೆ ಶೇ. 20ಕ್ಕೇ ಇದೆಯಾ ಅಂತ ಕೇಳಿಕೊಳ್ಳಿ, ಬೇರೆ ಇದ್ದರೆ 0.8 ಬದಲಾಗುತ್ತದೆ. ಇವತ್ತಿನ ಬೆಲೆಯಿಂದ 42 ರೂಪಾಯಿ ಇಳಿದರೆ ಮೆಸೇಜ್ ಬರುತ್ತದೆ, ಶೇ. 6 ಕೂಡ ಇಲ್ಲ. ಎರಡನೆಯದು, ಆಪ್‌ನಲ್ಲಿ MTF ಲೆಡ್ಜರ್ ತೆಗೆಸಿ ನೋಡಿ, ಬಡ್ಡಿ ಕಟ್ಟುತ್ತಿದ್ದೀರಾ ಅಥವಾ ಅದು ಸಾಲಕ್ಕೆ ಸೇರುತ್ತಿದೆಯಾ ಅಂತ. ಸೇರುತ್ತಿದ್ದರೆ ಗೆರೆ ದಿನ ದಿನ ಮೇಲೆ ಬರುತ್ತದೆ. ನನ್ನ 400 ಷೇರಿನ ಉದಾಹರಣೆಯಲ್ಲಿ 90 ದಿನದ ಬಡ್ಡಿ ಸೇರಿದರೆ ಗೆರೆ 937ರಿಂದ 971ಕ್ಕೆ ಏರಿರುತ್ತದೆ, ಷೇರು ಏನೂ ಮಾಡದೆ. ಮೂರನೆಯದು, ಲಾಭ ನಷ್ಟ ಅಂತ ಪರದೆಯ ಮೇಲೆ ತೋರಿಸುವ ಶೇಕಡಾ ಪೂರ್ತಿ ಷೇರಿನ ಬೆಲೆಯ ಮೇಲೆ ಇರಬಹುದು. ಅದನ್ನು ನಂಬಬೇಡಿ. ಶೇ. 5 ನಷ್ಟ ಅಂತ ತೋರಿಸುತ್ತಿದ್ದರೆ ರೂಪಾಯಿ ಎಷ್ಟು ಅಂತ ನೋಡಿ, ಮನೆಯವರು ಕೈಯಿಂದ ಹಾಕಿದ ದುಡ್ಡಿನಿಂದ ಭಾಗಿಸಿ.

ಗೆರೆಯನ್ನು 600ಕ್ಕೆ ಇಳಿಸಬೇಕಾದರೆ ಸಾಲ 72,000ಕ್ಕೆ ಬರಬೇಕು, ಅಂದರೆ 12,000 ಕಟ್ಟಬೇಕು. 2020ರಂಥ ಶೇ. 40ರ ಕುಸಿತವನ್ನೂ ದಾಟಬೇಕು ಅಂದರೆ ಬೆಲೆ 445ರ ತನಕ ತಡೆಯಬೇಕು, ಸಾಲ 53,400ಕ್ಕೆ ಇಳಿಯಬೇಕು, 30,600 ಕಟ್ಟಬೇಕು. ಆ ದುಡ್ಡು ಮನೆಯಲ್ಲಿ ಇಲ್ಲದಿದ್ದರೆ, ಬೆಲೆ 742 ಇರುವಾಗಲೇ 42 ಷೇರು ನೀವೇ ಮಾರಿ ಸಾಲಕ್ಕೆ ಕಟ್ಟಿದರೆ 31,164 ಬರುತ್ತದೆ. ಉಳಿದದ್ದು 108 ಷೇರು, 52,836 ಸಾಲ, ಗೆರೆ 612ಕ್ಕೆ ಹೋಗುತ್ತದೆ. 445ಕ್ಕೆ ಮುಟ್ಟುವುದಿಲ್ಲ, ಆದರೆ ಶೇ. 6 ಇದ್ದ ಅಂತರ 17 ಆಯಿತು. ಚೀಟಿಯ ಹಿಂದೆ ಎರಡೂ ಲೆಕ್ಕ ಬರೆದಿದ್ದೇನೆ, ಹೋಗುವಾಗ ತೆಗೆದುಕೊಂಡು ಹೋಗಿ. ಇವತ್ತು ಸಂಜೆಯೇ ಮನೆಯವರ ಜೊತೆ ಕೂತು ನೋಡಿ, ನಾಳೆ ಒಂಬತ್ತೂಕಾಲಿಗೆ ಮಾರುಕಟ್ಟೆ ತೆರೆಯುತ್ತದೆ.